ಕಣ್ಣು ತಿರುಗಿಸಿದ ಕೂಡಲೇ ಐರಿಸ್ ಜಾರುತ್ತಿದೆ, ಕಾರ್ನಿಯಾ ಶೇಡರ್‌ನಲ್ಲಿ ಏನು ತಪ್ಪು?

ಮೇಘನಾ_ಆರ್ · ಶನಿವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಗೊಡೊ 4ರಲ್ಲಿ ಒಂದು ಪಾತ್ರ ಮಾಡುತ್ತಿದ್ದೇನೆ, ಹತ್ತು ವರ್ಷದ ಹುಡುಗಿ. ಆಟದಲ್ಲಿ ಎರಡು ಕಡೆ ಕ್ಯಾಮೆರಾ ಅವಳ ಮುಖದ ತೀರಾ ಹತ್ತಿರ ಹೋಗುತ್ತದೆ. ಆಗ ಪರದೆ ತುಂಬ ಕಣ್ಣೇ ಇರುತ್ತದೆ. ಹಾಗಾಗಿ ಕಣ್ಣಿಗೆ ಬರೀ ಟೆಕ್ಸ್ಚರ್ ಅಂಟಿಸಿ ಬಿಡೋಕೆ ಆಗಲ್ಲ.

ಕಣ್ಗುಡ್ಡೆಯ ಮೇಲೆ ಬೀಳುವ ದೃಷ್ಟಿರೇಖೆಯನ್ನು ಶೇಡರ್‌ನಲ್ಲಿ `refract` ಮಾಡಿ, ಒಳಗಿರುವ ಐರಿಸ್ ಸಮತಲಕ್ಕೆ ಎಲ್ಲಿ ತಾಗುತ್ತದೋ ಅಲ್ಲಿಂದ ಬಣ್ಣ ತೆಗೆಯುತ್ತಿದ್ದೇನೆ. ಪಾತ್ರ ನೇರ ನೋಡುವಾಗ ಚೆನ್ನಾಗಿದೆ. ಕ್ಯಾಮೆರಾ ಸುತ್ತಿಸಿದರೂ ಐರಿಸ್ ಆಳದಲ್ಲಿ ಕೂತ ಹಾಗೆ ಕಾಣುತ್ತದೆ. ಆದರೆ ಕಣ್ಣಿನ ಬೋನ್ ತಿರುಗಿಸಿದ ಕೂಡಲೇ ಐರಿಸ್ ಒಂದು ಕಡೆ, ಕಾರ್ನಿಯಾ ಉಬ್ಬು ಇನ್ನೊಂದು ಕಡೆ. ಇಪ್ಪತ್ತು ಡಿಗ್ರಿ ತಿರುಗಿಸಿದರೆ ಐರಿಸ್‌ನ ಒಂದು ಅಂಚು ಬಿಳಿಭಾಗದೊಳಗೆ ಹೋಗಿರುತ್ತದೆ. ಮೂರು ದಿನದಿಂದ ಇದರಲ್ಲೇ ಇದ್ದೇನೆ.

ಇನ್ನೊಂದು ವಿಷಯ. ಹೈಲೈಟ್ ಇದೆ, ಆದರೂ ಕಣ್ಣು ಒದ್ದೆಯಾಗಿ ಕಾಣುವುದಿಲ್ಲ. ಗೋಲಿ ಇಟ್ಟ ಹಾಗಿದೆ.

ಪ್ರಸನ್ನ.ರಿಗ್ · ರಾತ್ರಿ 10:40

ಇದು ಶೇಡರ್ ತೊಂದರೆ ಅಲ್ಲ ಅನಿಸುತ್ತೆ ಮೇಡಂ. ನನಗೂ ಹೀಗೇ ಆಗಿತ್ತು. ಎರಡೂ ಕಣ್ಣನ್ನು ಒಂದೇ ಬಿಂದುವಿಗೆ ಸರಿಯಾಗಿ ಗುರಿ ಇಟ್ಟರೆ ಪಾತ್ರಕ್ಕೆ ಮೆಳ್ಳೆಗಣ್ಣು ಬಂದ ಹಾಗೆ ಕಾಣುತ್ತದೆ. ನಾವು ನೋಡುವ ರೇಖೆ ಪಾಪೆಯ ನಡುವಿನ ರೇಖೆಗಿಂತ ಮೂಗಿನ ಕಡೆಗೆ ಸುಮಾರು 5 ಡಿಗ್ರಿ ವಾಲಿರುತ್ತದೆ. ಅದಕ್ಕೆ ಪ್ರತಿ ಕಣ್ಣನ್ನೂ ನಾಲ್ಕೈದು ಡಿಗ್ರಿ ಹೊರಗೆ ತಿರುಗಿಸಿ. ನನ್ನ ಪಾತ್ರ ಆಮೇಲೆ ಸರಿಹೋಯಿತು.

ಮೇಘನಾ_ಆರ್ · ರಾತ್ರಿ 10:52

ಪ್ರಸನ್ನ ಅವರೇ, ಇದು ಗೊತ್ತಿರಲಿಲ್ಲ, ಖಂಡಿತ ಮಾಡುತ್ತೇನೆ. ಆದರೆ ನನ್ನ ತೊಂದರೆ ನೋಟದ ದಿಕ್ಕಿನದ್ದಲ್ಲ. ಒಂದೇ ಕಣ್ಣು ಇಟ್ಟುಕೊಂಡು ನೋಡಿದರೂ ಐರಿಸ್ ಜಾಗ ಬಿಟ್ಟು ಸರಿಯುತ್ತಿದೆ.

ಕಾರ್ತಿಕ್_3ಡಿ · ರಾತ್ರಿ 11:05

ಇಷ್ಟೆಲ್ಲ ಯಾಕೆ? ಮಾಮೂಲಿ ಪ್ಯಾರಲ್ಯಾಕ್ಸ್ ಆಫ್‌ಸೆಟ್ ಹಾಕಿ. ನೋಟದ ದಿಕ್ಕನ್ನು ಟ್ಯಾಂಜೆಂಟ್ ಸ್ಪೇಸ್‌ಗೆ ತಂದು, ಆಳದಿಂದ ಗುಣಿಸಿ, ಯುವಿಗೆ ಕೂಡಿಸಿದರೆ ಮುಗಿಯಿತು. ಬೋನ್ ತಿರುಗಿದರೆ ಟ್ಯಾಂಜೆಂಟೂ ತಿರುಗುತ್ತದೆ, ಜಾರುವ ಪ್ರಶ್ನೆಯೇ ಇಲ್ಲ. ರಿಫ್ರಾಕ್ಷನ್ ಬೇಕೇ ಬೇಕು ಅಂದರೆ `refract(v, n, 1.336)` ಹಾಕಿ. ಮೊಬೈಲ್ ಆಟಗಳಲ್ಲಿ ನಾನು ಇಷ್ಟೇ ಮಾಡುವುದು, ಯಾರೂ ದೂರು ಹೇಳಿಲ್ಲ.

ನಾಗೇಶ್_ಹೊಸಕೋಟೆ · ಭಾನುವಾರ ಬೆಳಿಗ್ಗೆ 7:30

ಮೇಘನಾ, ಒಂದು ಪ್ರಶ್ನೆ. ಕಣ್ಗುಡ್ಡೆ ಬೇರೆ ಮೆಶ್ಶಾ, ಇಲ್ಲ ಮುಖದ ಜೊತೆಗೇ ಸ್ಕಿನ್ ಆಗಿರುವ ಒಂದೇ ಮೆಶ್ಶಾ? ಒಂದೇ ಆಗಿದ್ದರೆ ತಪ್ಪು ಅಲ್ಲೇ ಇದೆ.

ಯಾಕೆ ಅಂದರೆ, ನೀವು ಲೆಕ್ಕ ಮಾಡುತ್ತಿರುವುದು "ಮೆಶ್‌ನ ಸ್ವಂತ ಸ್ಪೇಸ್" ಅಂದುಕೊಂಡು. ಸ್ಕಿನ್ ಆದ ಮೆಶ್‌ನಲ್ಲಿ ಶೇಡರ್‌ಗೆ ಬರುವ `VERTEX` ಆಗಲೇ ಬೋನ್ ಜೊತೆ ತಿರುಗಿರುತ್ತದೆ. `MODEL_MATRIX` ಮಾತ್ರ ಇಡೀ ದೇಹದ್ದು, ಕಣ್ಣಿನ ಬೋನ್ ಅದಕ್ಕೆ ಗೊತ್ತೇ ಇಲ್ಲ. ಅಂದರೆ ಕಾರ್ನಿಯಾ ತಿರುಗಿತು, ನೀವು ಊಹಿಸಿಕೊಂಡ ಐರಿಸ್ ಸಮತಲ ಮೊದಲಿನ ದಿಕ್ಕಿಗೇ ಮುಖ ಮಾಡಿ ನಿಂತಿತು. ನೇರ ನೋಡುವಾಗ ಎರಡೂ ಒಂದೇ ದಿಕ್ಕು, ಹಾಗಾಗಿ ತಪ್ಪು ಕಾಣಲ್ಲ.

ಸುಲಭದ ದಾರಿ ಹೀಗೆ. ಎರಡೂ ಕಣ್ಗುಡ್ಡೆಯನ್ನು ಬೇರೆ ಮೆಶ್ ಮಾಡಿ, ಸ್ಕಿನ್ ತೆಗೆದು, ಒಂದೊಂದನ್ನು ಒಂದೊಂದು `BoneAttachment3D` ಕೆಳಗೆ ಇಡಿ. ಮೆಶ್‌ನ ಮೂಲಬಿಂದು ಕಣ್ಗುಡ್ಡೆಯ ನಡುವೆ ಇರಲಿ, ನೋಟ +Z ಕಡೆಗಿರಲಿ. ಆಗ `MODEL_MATRIX` ಅಂದರೆ ಕಣ್ಣಿನದೇ ಮ್ಯಾಟ್ರಿಕ್ಸ್. ಕ್ಯಾಮೆರಾವನ್ನು ಆ ಸ್ಪೇಸ್‌ಗೆ ತಂದುಬಿಟ್ಟರೆ ಉಳಿದದ್ದು ನಾಲ್ಕು ಸಾಲು:

```glsl
uniform float iris_z;
uniform float iris_r;
varying vec3 p;
varying vec3 n;
varying vec3 cam;

void vertex() {
    p = VERTEX;
    n = NORMAL;
    cam = (inverse(MODEL_MATRIX) * vec4(CAMERA_POSITION_WORLD, 1.0)).xyz;
}
```

`fragment()` ಒಳಗೆ:

```glsl
vec3 v = normalize(p - cam);
vec3 r = refract(v, normalize(n), 1.0 / 1.336);
float t = (iris_z - p.z) / min(r.z, -0.01);
vec2 q = p.xy + r.xy * t;
vec2 uv = q / (2.0 * iris_r) + 0.5;
```

`q` ಅಂದರೆ ನೋಟ ಐರಿಸ್ ಮೇಲೆ ನಿಜವಾಗಿ ಬಿದ್ದ ಜಾಗ. ಪಾಪೆ, ಐರಿಸ್‌ನ ಎಳೆಗಳು, ಅಂಚಿನ ಕಪ್ಪು ಉಂಗುರ, ಎಲ್ಲವನ್ನೂ `q`ದಿಂದಲೇ ತೆಗೆಯಿರಿ. ಬಿಳಿಭಾಗ ಶುರುವಾಗುವ ಜಾಗ ಮಾತ್ರ `p`ದಿಂದ. ಇವೆರಡನ್ನು ಬೆರೆಸಿಬಿಟ್ಟರೆ ಮತ್ತೆ ಜಾರುತ್ತದೆ. `n` ಅನ್ನು ನಾರ್ಮಲ್ ಮ್ಯಾಪ್‌ನಿಂದ ತೆಗೆಯಬೇಡಿ, ಮೆಶ್‌ನ ನುಣುಪಾದ ನಾರ್ಮಲ್ಲೇ ಇರಲಿ. ಇಲ್ಲದಿದ್ದರೆ ಐರಿಸ್ ನೀರಿನ ತಳದಲ್ಲಿರುವ ಹಾಗೆ ಅಲುಗಾಡುತ್ತದೆ.

ಕಾರ್ತಿಕ್, ನೀವು ಹೇಳಿದ್ದರಲ್ಲಿ ಒಂದು ಭಾಗ ಸರಿ. ಟ್ಯಾಂಜೆಂಟ್ ಬೋನ್ ಜೊತೆ ತಿರುಗುತ್ತದೆ, ಹಾಗಾಗಿ ಈ ಥರ ಜಾರಲ್ಲ. ದೂರದ ಪಾತ್ರಕ್ಕೆ ಅಷ್ಟು ಸಾಕು. ಹತ್ತಿರದ ಶಾಟ್‌ಗೆ ಸಾಲದು. ಲೆಕ್ಕ ಹಾಕಿ ನೋಡಿ. ಐರಿಸ್ 3 ಮಿ.ಮೀ. ಆಳದಲ್ಲಿದೆ, ನಾವು 45 ಡಿಗ್ರಿ ಓರೆಯಿಂದ ಕಾರ್ನಿಯಾದ ತುದಿಯನ್ನು ನೋಡುತ್ತಿದ್ದೇವೆ ಅಂದುಕೊಳ್ಳಿ. ಬರೀ ಪ್ಯಾರಲ್ಯಾಕ್ಸ್‌ನಲ್ಲಿ ಐರಿಸ್ 3 ಮಿ.ಮೀ. ಸರಿಯುತ್ತದೆ. ರಿಫ್ರಾಕ್ಷನ್ ಇದ್ದರೆ ನೋಟ ಒಳಗೆ 32 ಡಿಗ್ರಿಗೆ ಬಾಗುತ್ತದೆ, ಸರಿಯುವುದು 1.9 ಮಿ.ಮೀ. ಮಾತ್ರ. ಐರಿಸ್‌ನ ಅರ್ಧ ಅಗಲವೇ 6 ಮಿ.ಮೀ. ಹತ್ತಿರ. ಹಾಗಾಗಿ ಈ ಒಂದು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಪ್ಯಾರಲ್ಯಾಕ್ಸ್ ಮಾತ್ರ ಇದ್ದರೆ ಐರಿಸ್ ಗುಂಡಿಯಲ್ಲಿ ಬಿದ್ದ ಹಾಗಿರುತ್ತದೆ.

ಮತ್ತೆ `refract`ಗೆ 1.336 ಕೊಡಬಾರದು. ಗಾಳಿಯಿಂದ ಕಣ್ಣೊಳಗೆ ಹೋಗುವಾಗ ಅದು `1.0 / 1.336`. ನಿಮ್ಮ ಹಾಗೆ ಕೊಟ್ಟರೆ 48 ಡಿಗ್ರಿ ದಾಟಿದ ಕಡೆ ಫಂಕ್ಷನ್ ಸೊನ್ನೆ ವಾಪಸ್ ಕೊಡುತ್ತದೆ. ಓರೆಯಿಂದ ನೋಡಿದರೆ ಐರಿಸ್ ನಡುವೆ ಒಂದು ಗೆರೆ ಎದ್ದು ಕಾಣುತ್ತದೆ.

ಕಾರ್ತಿಕ್_3ಡಿ · ಬೆಳಿಗ್ಗೆ 9:15

ಆ ಗೆರೆ ನನಗೂ ಬರುತ್ತಿತ್ತು! ಟೆಕ್ಸ್ಚರ್ ಸೀಮ್ ಅಂದುಕೊಂಡು ಯುವಿ ಸರಿಮಾಡುತ್ತಾ ಕೂತಿದ್ದೆ. ತಿದ್ದಿದ್ದಕ್ಕೆ ಥ್ಯಾಂಕ್ಸ್ ನಾಗೇಶ್ ಸರ್.

ಡಾ_ಸುಮಾ · ಬೆಳಿಗ್ಗೆ 10:02

ನಾನು ಆಟ ಮಾಡುವವಳಲ್ಲ, ಆಪ್ಟೊಮೆಟ್ರಿಸ್ಟ್. ಮಗ ಈ ಚರ್ಚೆ ತೋರಿಸಿದ, ಅದಕ್ಕೆ ಬರೆಯುತ್ತಿದ್ದೇನೆ. ಕಾರ್ನಿಯಾದ ಅಂಗಾಂಶದ ರಿಫ್ರಾಕ್ಟಿವ್ ಇಂಡೆಕ್ಸ್ 1.376. ಅದರ ಹಿಂದಿನ ದ್ರವದ್ದು 1.336. ನೀವು ಚಿಕ್ಕದನ್ನೇ ತೆಗೆದುಕೊಂಡಿದ್ದೀರಿ, ತಪ್ಪಲ್ವಾ?

ಇನ್ನೊಂದು. ನಾವು ಹೊರಗಿನಿಂದ ನೋಡುವ ಪಾಪೆ ಅದರ ನಿಜವಾದ ಅಳತೆಯಲ್ಲಿ ಕಾಣುವುದಿಲ್ಲ. ಕಾರ್ನಿಯಾ ಭೂತಗನ್ನಡಿಯ ಹಾಗೆ ಅದನ್ನು ಸುಮಾರು ಶೇ 13ರಷ್ಟು ದೊಡ್ಡದು ಮಾಡಿ ತೋರಿಸುತ್ತದೆ. ಒಳಗೆ 4 ಮಿ.ಮೀ. ಇದ್ದರೆ ನಮಗೆ ಕಾಣುವುದು ನಾಲ್ಕೂವರೆ. ಆಮೇಲೆ ಮಕ್ಕಳ ಕಣ್ಣು ಅಂತ ಕಾರ್ನಿಯಾ ಚಿಕ್ಕದು ಮಾಡಬೇಡಿ. ಎರಡು ವರ್ಷ ತುಂಬುವ ಹೊತ್ತಿಗೇ ಅದು ಹೆಚ್ಚುಕಡಿಮೆ ದೊಡ್ಡವರ ಅಳತೆಗೆ ಬಂದಿರುತ್ತದೆ. ಮುಖ ಚಿಕ್ಕದು, ಅದಕ್ಕೇ ಮಕ್ಕಳ ಕಣ್ಣು ಅಗಲವಾಗಿ ಕಾಣುವುದು.

ನಾಗೇಶ್_ಹೊಸಕೋಟೆ · ಬೆಳಿಗ್ಗೆ 10:45

ಸುಮಾ ಮೇಡಂ, ನೀವು ಬರೆದದ್ದು ತುಂಬ ಉಪಯೋಗಕ್ಕೆ ಬಂತು. 1.336 ಬೇಕೆಂದೇ ತೆಗೆದುಕೊಂಡಿದ್ದು. ಕಾರ್ನಿಯಾ ಅರ್ಧ ಮಿ.ಮೀ. ದಪ್ಪದ ಹಾಳೆ. ಹೊರಗೆ ಒಮ್ಮೆ ಬಾಗಿದ ಬೆಳಕು ಒಳಮೈಯಲ್ಲಿ ಸ್ವಲ್ಪ ವಾಪಸ್ ಬಾಗುತ್ತದೆ. ನಾವು ಒಂದೇ ಸಲ ಬಾಗಿಸುವುದರಿಂದ ಕೊನೆಗೆ ಬೆಳಕು ಓಡಾಡುವ ದ್ರವದ ಅಂಕಿ ಹಾಕಿದರೆ ಉತ್ತರ ಹತ್ತಿರ ಬರುತ್ತದೆ.

ಆ ಶೇ 13 ಮಾತ್ರ ಚಿನ್ನದಂಥ ಪರೀಕ್ಷೆ. ಮೇಘನಾ, ದೂರದ ಕ್ಯಾಮೆರಾದಿಂದ ನೇರ ನೋಡಿ, ರಿಫ್ರಾಕ್ಷನ್ ಆಫ್ ಮಾಡಿ ಪಾಪೆ ಅಳೆಯಿರಿ. ಆಮೇಲೆ ಆನ್ ಮಾಡಿ ಅಳೆಯಿರಿ. ಹತ್ತರಿಂದ ಹದಿನೈದು ಶೇಕಡಾ ದೊಡ್ಡದಾದರೆ ಲೆಕ್ಕ ಸರಿ. ಚಿಕ್ಕದಾದರೆ ಅನುಪಾತ ತಿರುಗುಮುರುಗಾಗಿದೆ. ಏನೂ ಬದಲಾಗದಿದ್ದರೆ ನಿಮ್ಮ ಮೆಶ್‌ನಲ್ಲಿ ಐರಿಸ್ ಸಮತಲ ಮೇಲ್ಮೈಗೆ ಅಂಟಿಕೊಂಡಿದೆ, ಆಳ ಸಿಕ್ಕಿಲ್ಲ.

ಮೇಘನಾ_ಆರ್ · ಭಾನುವಾರ ಸಂಜೆ 6:20

ಹೌದು, ಒಂದೇ ಮೆಶ್ ಆಗಿತ್ತು. ಬೇರೆ ಮಾಡಿದೆ. ಮೊದಲು ಪೂರ್ತಿ ಬಿಳಿ ಕಣ್ಣು ಬಂತು, ಗಾಬರಿಯಾಯಿತು. ಆಮೇಲೆ ನೋಡಿದರೆ ನನ್ನ ಫೈಲ್ ಸೆಂಟಿಮೀಟರ್‌ನಲ್ಲಿದ್ದು, ಇಂಪೋರ್ಟ್ ಆದ ನೋಡ್‌ಗೆ 0.01 ಸ್ಕೇಲ್ ಕೂತಿತ್ತು. ನಾನು `iris_z` ಅನ್ನು ಮೀಟರ್‌ನಲ್ಲಿ ಕೊಟ್ಟಿದ್ದೆ. ಬ್ಲೆಂಡರ್‌ನಲ್ಲೇ ಸ್ಕೇಲ್ ಅಪ್ಲೈ ಮಾಡಿ ತಂದೆ. ಈಗ 30 ಡಿಗ್ರಿ ತಿರುಗಿಸಿದರೂ ಐರಿಸ್ ಕೂತ ಜಾಗ ಬಿಟ್ಟು ಅಲುಗಾಡುವುದಿಲ್ಲ!

ಆದರೆ ಪಾಪೆ ದೊಡ್ಡದಾಗಿದ್ದು ಶೇ 8 ಮಾತ್ರ. ಹೈಲೈಟೂ ಹಾಗೇ ಇದೆ, ಗೋಲಿಯ ಹಾಗೆ. ಕಣ್ಣು ಅತ್ತಿತ್ತ ನೋಡಿದರೂ ಹೈಲೈಟ್ ಒಂದೇ ಕಡೆ ಅಂಟಿಕೊಂಡಿರುತ್ತದೆ.

ನಾಗೇಶ್_ಹೊಸಕೋಟೆ · ರಾತ್ರಿ 8:10

ಎರಡಕ್ಕೂ ಕಾರಣ ಒಂದೇ ಇರಬೇಕು. ನಿಮ್ಮ ಕಣ್ಗುಡ್ಡೆಯಲ್ಲಿ ಉಬ್ಬು ಸರಿಯಾಗಿದೆಯಾ? ಬಹಳ ಜನ ಗೋಳದ ಮುಂದೆ ಸುಮ್ನೆ ಒಂದು ಚೂರು ಎಳೆದು ಬಿಡುತ್ತಾರೆ.

ಕಣ್ಗುಡ್ಡೆಯ ತ್ರಿಜ್ಯ ಸುಮಾರು 12 ಮಿ.ಮೀ. ಕಾರ್ನಿಯಾದ ಮುಂಮೈ ಅದಕ್ಕಿಂತ ಜಾಸ್ತಿ ಬಾಗಿದೆ, ತ್ರಿಜ್ಯ 7.8. ಇವೆರಡು ಗೋಳ ಸೇರುವುದು ಐರಿಸ್‌ನ ಅಂಚಿನಲ್ಲಿ, ನಡುವಿನಿಂದ 5.8 ಮಿ.ಮೀ. ದೂರದಲ್ಲಿ. ಈ ಅಳತೆ ಇಟ್ಟು ಮಾಡಿದರೆ ಕಾರ್ನಿಯಾದ ತುದಿ ಕಣ್ಗುಡ್ಡೆಯ ನಡುವಿನಿಂದ 13.1 ಮಿ.ಮೀ. ಮುಂದೆ ಬರುತ್ತದೆ. ಅಂದರೆ ಗೋಳದ ಮೇಲೆ ಒಂದು ಮಿ.ಮೀ. ಚಿಲ್ಲರೆ ಉಬ್ಬು, ಅಷ್ಟೇ. ನೋಡೋಕೆ ಅಷ್ಟೇ ಆದರೂ ಕೆಲಸ ದೊಡ್ಡದು.

ಈಗ ಹೈಲೈಟ್ ವಿಚಾರ. ಪೂರ್ತಿ ಗುಂಡಗಿರುವ ಗೋಳವನ್ನು ಅದರ ನಡುಬಿಂದುವಿನ ಸುತ್ತ ತಿರುಗಿಸಿದರೆ ಅದರ ಮೇಲ್ಮೈ ಆಕಾರ ಬದಲಾಗುವುದೇ ಇಲ್ಲ. ಹಾಗಾಗಿ ಪ್ರತಿಬಿಂಬವೂ ಇದ್ದಲ್ಲೇ ಇರುತ್ತದೆ. ನಿಮಗೆ ಕಾಣುತ್ತಿರುವುದು ಅದೇ. ನಿಜವಾದ ಕಾರ್ನಿಯಾದ ನಡುಬಿಂದು ಕಣ್ಗುಡ್ಡೆಯ ನಡುವಿನಿಂದ 5.3 ಮಿ.ಮೀ. ಮುಂದಿದೆ. ಕಣ್ಣು ತಿರುಗಿದಾಗ ಹೈಲೈಟ್ ಆ ಬಿಂದುವಿನ ಜೊತೆ ಹೋಗುತ್ತದೆ. ಪಾಪೆ ಅದರ ಸುಮಾರು ಎರಡರಷ್ಟು ಸರಿಯುತ್ತದೆ. ಪಾಪೆಗಿಂತ ಅರ್ಧ ದಾರಿ ಹಿಂದೆ ಬರುವ ಹೈಲೈಟ್, ಕಣ್ಣು ಜೀವಂತ ಅನಿಸುವುದರಲ್ಲಿ ಇದರ ಪಾಲು ದೊಡ್ಡದು ಅಂತ ನನ್ನ ನಂಬಿಕೆ. ಕಣ್ಣು ಎಲ್ಲಿ ನೋಡುತ್ತಿದೆ ಅಂತ ಪತ್ತೆ ಹಚ್ಚುವ ಎಷ್ಟೋ ಉಪಕರಣಗಳು ಅಳೆಯುವುದು ಪಾಪೆಗೂ ಈ ಹೊಳಪಿನ ಚುಕ್ಕೆಗೂ ನಡುವಿನ ಈ ಅಂತರವನ್ನೇ.

ಹೊಳಪಿನ ಪ್ರಮಾಣವನ್ನೂ ನೋಡಿ. ನೇರ ನೋಡಿದಾಗ ಕಾರ್ನಿಯಾ ಬೆಳಕಿನ ಶೇ 2.5ರಷ್ಟನ್ನು ಮಾತ್ರ ತಿರುಗಿಸುತ್ತದೆ. ಗೊಡೊದಲ್ಲಿ `SPECULAR` 0.5 ಬಿಟ್ಟರೆ ಶೇ 4 ಆಗುತ್ತದೆ. ಅದನ್ನು 0.4 ಮಾಡಿ. ರಫ್‌ನೆಸ್ 0.05ರ ಹತ್ತಿರ ಇರಲಿ. ಹೈಲೈಟ್ ಮಂಕು ಅನಿಸಿದರೆ ಈ ಅಂಕಿ ಏರಿಸಬೇಡಿ. ಸೀನ್‌ನಲ್ಲಿ ಪ್ರತಿಬಿಂಬಿಸೋಕೆ ಒಂದು ಕಿಟಕಿಯೋ ದೀಪವೋ ಇದೆಯಾ ನೋಡಿ.

ಮೇಘನಾ_ಆರ್ · ಸೋಮವಾರ ರಾತ್ರಿ 9:35

ಎರಡು ಗೋಳದ ಅಳತೆಯಲ್ಲಿ ಮೆಶ್ ಹೊಸದಾಗಿ ಕಟ್ಟಿದೆ. ಐರಿಸ್ ಸಮತಲ 9.7 ಮಿ.ಮೀ.ಗೆ ಇಟ್ಟೆ. ಪಾಪೆ ಈಗ ಶೇ 12 ದೊಡ್ಡದು. ಹೈಲೈಟ್ ಕಣ್ಣಿನ ಜೊತೆ ಬರುತ್ತಿದೆ. ಅಮ್ಮನಿಗೆ ತೋರಿಸಿದೆ, "ಈಗ ನನ್ನನ್ನೇ ನೋಡ್ತಾ ಇದೆ" ಅಂದರು. ತುಂಬ ಖುಷಿಯಾಯಿತು.

ಆದರೆ ಐರಿಸ್ ಇನ್ನೂ ಚಪ್ಪಟೆ ಚಿತ್ರದ ಹಾಗಿದೆ. ಬೆಳಕು ಎಡದಿಂದ ಬಂದರೆ ಐರಿಸ್‌ನ ಎಡಭಾಗ ಬೆಳಗುತ್ತದೆ. ಫೋಟೋಗಳಲ್ಲಿ ಬಲಭಾಗ ಬೆಳಗುವುದು ನೋಡಿದ್ದೇನೆ.

ನಾಗೇಶ್_ಹೊಸಕೋಟೆ · ರಾತ್ರಿ 10:20

ಫೋಟೋದಲ್ಲಿ ನೋಡಿದ್ದೇ ಸರಿ. ಎಡದಿಂದ ಬಂದ ಬೆಳಕನ್ನು ಕಾರ್ನಿಯಾ ಬಾಗಿಸಿ ಎದುರಿನ ಕಡೆ ಒಟ್ಟುಮಾಡಿ ಬೀಳಿಸುತ್ತದೆ. ನಿಮ್ಮ ಶೇಡರ್ ಐರಿಸ್‌ನ ಬಣ್ಣಕ್ಕೂ ಹೊರಗಿನ ಕಾರ್ನಿಯಾದ ನಾರ್ಮಲ್ಲನ್ನೇ ಬಳಸುತ್ತಿದೆ. ಅದಕ್ಕೇ ಎಡಭಾಗ ಬೆಳಗುತ್ತಿದೆ. ಹೊಳಪಿಗೆ ಹೊರಗಿನ ನಾರ್ಮಲ್, ಐರಿಸ್‌ಗೆ ಬೇರೆ ನಾರ್ಮಲ್ ಬೇಕು.

```glsl
vec3 iris_n = normalize(vec3(-q / iris_r * 0.5, 1.0));
```

ಇದು ಐರಿಸ್ಸನ್ನು ತಟ್ಟೆಯ ಹಾಗೆ ಒಳಕ್ಕೆ ಬಾಗಿದೆ ಅಂತ ನಟಿಸುತ್ತದೆ. ನಿಜವಾದ ಐರಿಸ್ ಹಾಗಿಲ್ಲ, ಇದು ಬೆಳಕು ಒಟ್ಟಾಗುವುದರ ಅಗ್ಗದ ನಕಲು. ಇದನ್ನು ವ್ಯೂ ಸ್ಪೇಸ್‌ಗೆ ತಂದು, `varying` ಮೂಲಕ `light()` ಫಂಕ್ಷನ್‌ಗೆ ಕಳಿಸಿ, ಅಲ್ಲಿ ಡಿಫ್ಯೂಸ್‌ಗೆ ಬಳಸಿ. `light()` ಬರೆದರೆ ಗೊಡೊದ ಮಾಮೂಲಿ ಲೆಕ್ಕ ನಿಂತುಹೋಗುತ್ತದೆ. ಸ್ಪೆಕ್ಯುಲರ್ ಕೂಡ ನೀವೇ ಬರೆಯಬೇಕು, ಮರೆಯಬೇಡಿ.

ಪ್ರಸನ್ನ.ರಿಗ್ · ರಾತ್ರಿ 10:50

ಇಷ್ಟು ಕಷ್ಟಪಡುವ ಬದಲು ಎರಡು ಮೆಶ್ ಇಡಬಹುದಲ್ವಾ? ಒಳಗೆ ಐರಿಸ್ ಇರುವ ಕಣ್ಗುಡ್ಡೆ, ಹೊರಗೆ ಪಾರದರ್ಶಕ ಚಿಪ್ಪು. ನಾರ್ಮಲ್ ತಾನಾಗೇ ಬೇರೆ ಆಗುತ್ತದೆ. ಐರಿಸ್ಸನ್ನು ನಿಜವಾಗಿ ಕೆತ್ತಬಹುದು.

ನಾಗೇಶ್_ಹೊಸಕೋಟೆ · ರಾತ್ರಿ 11:02

ಮಾಡಬಹುದು, ಐರಿಸ್‌ನ ಬೆಳಕು ಸುಲಭವಾಗುತ್ತದೆ. ಆದರೆ ಆ ಚಿಪ್ಪು ಹೊಳಪು ಕೊಡುತ್ತದೆ, ಬಾಗಿಸುವುದಿಲ್ಲ. ಬಾಗಿಸೋಕೆ ಪರದೆಯ ಚಿತ್ರವನ್ನೇ ಓದಬೇಕು. ಓರೆಯಿಂದ ನೋಡಿದಾಗ ಬೇಕಾದ ಐರಿಸ್ ಭಾಗ ಪರದೆಯಲ್ಲಿ ಇರುವುದೇ ಇಲ್ಲ, ರೆಪ್ಪೆಯ ಬಣ್ಣ ಒಳಗೆ ಸೋರುತ್ತದೆ. ನಾನು ಒಂದೇ ಮೆಶ್ ಕಡೆ.

ಪ್ರಸನ್ನ.ರಿಗ್ · ರಾತ್ರಿ 11:15

ನಾನಿನ್ನೂ ಎರಡು ಮೆಶ್ ಕಡೆಯೇ. ಚಿಪ್ಪಿನಲ್ಲಿ ಬಾಗಿಸದೆ, ಒಳಗಿನ ಐರಿಸ್ಸನ್ನೇ ಒಂದೂವರೆ ಮಿ.ಮೀ. ಮುಂದೆ ತಂದು ಸ್ವಲ್ಪ ದೊಡ್ಡದು ಮಾಡಿದರೆ ಮುಕ್ಕಾಲು ಪಾಲು ಶಾಟ್‌ಗೆ ಸಾಕು. ಪೂರ್ತಿ ಪಕ್ಕದಿಂದ ನೋಡುವಾಗ ಮಾತ್ರ ಬಿಟ್ಟುಕೊಡುತ್ತದೆ, ಒಪ್ಪುತ್ತೇನೆ.

ಮೇಘನಾ_ಆರ್ · ಬುಧವಾರ ರಾತ್ರಿ 8:48

ಒಂದೇ ಮೆಶ್‌ನಲ್ಲೇ ಮುಂದುವರಿದೆ. ಐರಿಸ್ ಬೆಳಕು ಈಗ ಎದುರು ಕಡೆ ಬೀಳುತ್ತಿದೆ. ಒಂದು ಮಾತು ಹೇಳಲೇಬೇಕು. ನಾನು ನೋಡಿದ ಪಾಠಗಳೆಲ್ಲ ನೀಲಿ ಕಣ್ಣಿನವು. ನಮ್ಮ ಹುಡುಗಿಯದು ಕಡು ಕಂದು. ಎಳೆಗಳು ಕಾಣಲಿ ಅಂತ ನಾನು ಬಣ್ಣ ತಿಳಿ ಮಾಡುತ್ತಲೇ ಹೋಗಿದ್ದೆ, ಕೊನೆಗೆ ಜೇನಿನ ಬಣ್ಣ ಆಗಿಬಿಟ್ಟಿತ್ತು. ತಂಗಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ ನೋಡಿದೆ. ಪಾಪೆಗೂ ಐರಿಸ್‌ಗೂ ಗೆರೆಯೇ ಕಾಣಲಿಲ್ಲ. ಕಿಟಕಿಯ ಎದುರು ಭಾಗದಲ್ಲಿ ಮಾತ್ರ ಒಂದು ಕಂದು ಅರ್ಧಚಂದ್ರ ಬೆಳಗುತ್ತಿತ್ತು. ಮಿಕ್ಕಿದ್ದೆಲ್ಲ ಕಪ್ಪು. ಹಾಗೇ ಬಣ್ಣ ವಾಪಸ್ ಇಳಿಸಿದೆ. ಆ ಅರ್ಧಚಂದ್ರ ಒಂದೇ ಸಾಕಾಯಿತು, ಆಳ ಬಂತು.

ಉಳಿದದ್ದು ಒದ್ದೆತನ. ಮತ್ತೆ ಮೇಲಿನ ರೆಪ್ಪೆಯ ಕೆಳಗೆ ಆಕಾಶ ಬೆಳ್ಳಗೆ ಹೊಳೆಯುತ್ತಿದೆ. ರೆಪ್ಪೆ ಅಡ್ಡ ಇದ್ದರೂ ಅದು ಅಲ್ಲಿಗೆ ಹೇಗೆ ಬರುತ್ತದೆ?

ನಾಗೇಶ್_ಹೊಸಕೋಟೆ · ರಾತ್ರಿ 9:30

ಆ ಅರ್ಧಚಂದ್ರ ನೋಡಿ ಹಿಡಿದದ್ದು ಬಹಳ ಒಳ್ಳೆಯದಾಯಿತು.

ಆಕಾಶದ ಪ್ರತಿಬಿಂಬಕ್ಕೆ ರೆಪ್ಪೆ ಅಡ್ಡ ಇದೆ ಅಂತ ಗೊತ್ತಾಗುವುದಿಲ್ಲ. ಕಣ್ಗುಡ್ಡೆಯ ಟೆಕ್ಸ್ಚರ್‌ಗೆ ನೆರಳು ಬೇಕ್ ಮಾಡಬೇಡಿ, ಕಣ್ಣು ತಿರುಗಿದರೆ ನೆರಳೂ ತಿರುಗುತ್ತದೆ. ನೆರಳು ಇರಬೇಕಾದದ್ದು ರೆಪ್ಪೆಯ ಜೊತೆ. ಕಣ್ಗುಡ್ಡೆಯ ಮೇಲೆ ತೆಳ್ಳಗಿನ ಇನ್ನೊಂದು ಹಾಳೆ ಮೆಶ್ ಇಡಿ. ಅದು ರೆಪ್ಪೆಯ ಬೋನ್‌ಗಳಿಗೆ ಸ್ಕಿನ್ ಆಗಿರಲಿ. `render_mode unshaded, blend_mul;` ಹಾಕಿ, ರೆಪ್ಪೆಯ ಅಂಚಿನಿಂದ ಒಳಕ್ಕೆ ಕಪ್ಪು ತಿಳಿಯಾಗುತ್ತಾ ಬರಲಿ. ಇದು ಹೊಳಪನ್ನೂ ಕಂದಿಸುತ್ತದೆ, ನಮಗೆ ಬೇಕಾದದ್ದು ಅದೇ. ಮೆಟಾಹ್ಯೂಮನ್ ಪಾತ್ರಗಳಲ್ಲೂ ಇಂಥದ್ದೇ ಒಂದು ಚಿಪ್ಪು ಬೇರೆಯಾಗಿ ಇರುತ್ತದೆ.

ಒದ್ದೆತನ ಇರುವುದು ಕೆಳರೆಪ್ಪೆಯ ಅಂಚಿನಲ್ಲಿ. ಅಲ್ಲಿ ಕಣ್ಣೀರಿನ ಸಣ್ಣ ಕಟ್ಟೆ ಇರುತ್ತದೆ, ಎತ್ತರ ಕಾಲು ಮಿ.ಮೀ. ಹತ್ತಿರ. ರೆಪ್ಪೆಗೂ ಕಣ್ಗುಡ್ಡೆಗೂ ನಡುವೆ ಒಳಬಾಗಿದ ಪಟ್ಟಿ ಮೆಶ್ ಮಾಡಿ. ಅದರ ಮೇಲೆ ಉದ್ದಕ್ಕೆ ಓಡುವ ತೆಳು ಹೊಳಪಿನ ಗೆರೆ ಬಂದರೆ ರೆಪ್ಪೆ ಕಣ್ಣಿಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ಗೋಲಿ ಇಟ್ಟ ಹಾಗೆ ಅನಿಸುತ್ತಿದ್ದದ್ದು ಆ ಜಾಗದಲ್ಲಿ ಒಣ ಗೆರೆ ಇದ್ದದ್ದಕ್ಕೆ.

ಡಾ_ಸುಮಾ · ರಾತ್ರಿ 9:58

ಕಾಲು ಮಿ.ಮೀ. ಸರಿಯಾಗಿದೆ. ಅದಕ್ಕಿಂತ ದಪ್ಪ ಮಾಡಿದರೆ ಹುಡುಗಿ ಅಳುವುದಕ್ಕೆ ಶುರುಮಾಡಿದ ಹಾಗೆ ಕಾಣುತ್ತಾಳೆ. ಒಳಮೂಲೆಯಲ್ಲಿ ಸ್ವಲ್ಪ ಜಾಸ್ತಿ ತುಂಬಿರಲಿ.

ಮೇಘನಾ_ಆರ್ · ಶನಿವಾರ ಮಧ್ಯಾಹ್ನ 3:15

ಎರಡನ್ನೂ ಹಾಕಿದೆ. ಹತ್ತಿರದ ಶಾಟ್‌ನಲ್ಲಿ ಕಣ್ಣು ಒದ್ದೆಯಾಗಿದೆ, ನಿಜಕ್ಕೂ. ಒಂದೇ ತೊಂದರೆ, ಕ್ಯಾಮೆರಾ ಹಿಂದೆ ಹೋದರೆ ಕಣ್ಣೀರಿನ ಗೆರೆ ಮಿಣಮಿಣ ಅನ್ನುತ್ತದೆ.

ಕಾರ್ತಿಕ್_3ಡಿ · ಸಂಜೆ 4:05

ಇದಕ್ಕೆ ನನ್ನ ಹತ್ತಿರ ಉತ್ತರ ಇದೆ, ಮೊಬೈಲ್‌ನಲ್ಲಿ ದಿನಾ ಇದೇ ಗೋಳು. 1080 ಪಿಕ್ಸೆಲ್ ಎತ್ತರದ ಪರದೆಯಲ್ಲಿ 24 ಸೆಂ.ಮೀ. ಮುಖ ತುಂಬಿದೆ ಅಂದುಕೊಳ್ಳಿ. ಒಂದು ಮಿ.ಮೀ.ಗೆ ನಾಲ್ಕೂವರೆ ಪಿಕ್ಸೆಲ್. ನಿಮ್ಮ ಕಾಲು ಮಿ.ಮೀ. ಪಟ್ಟಿಗೆ ಸಿಗುವುದು ಒಂದೇ ಪಿಕ್ಸೆಲ್. ಅದಕ್ಕಿಂತ ದೂರ ಹೋದರೆ ಆ ಪಿಕ್ಸೆಲ್ ಒಂದು ಫ್ರೇಮ್‌ನಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರಲ್ಲ. ಮುಖ ಪರದೆಯಷ್ಟು ಆಗುವ ದೂರದಿಂದ ಪಟ್ಟಿಯ ರಫ್‌ನೆಸ್ ನಿಧಾನಕ್ಕೆ ಏರಿಸಿ. ಅದರ ಎರಡರಷ್ಟು ದೂರದಲ್ಲಿ ಪಟ್ಟಿಯನ್ನೇ ಮುಚ್ಚಿಬಿಡಿ. `GeometryInstance3D`ಯ `visibility_range_end` ಇದಕ್ಕೇ ಇರುವುದು.

ಮೇಘನಾ_ಆರ್ · ಸಂಜೆ 5:40

ಮಿಣುಕು ನಿಂತಿತು ಕಾರ್ತಿಕ್. ಪಟ್ಟಿ ಮುಚ್ಚಿದ್ದು ಗೊತ್ತೂ ಆಗಲ್ಲ. ಈಗ ಅವಳು ಕಣ್ಣು ಮಿಟುಕಿಸುವಾಗ ನೆರಳಿನ ಹಾಳೆ ಕಣ್ಗುಡ್ಡೆಯೊಳಗೆ ಒಂದೆರಡು ಫ್ರೇಮ್ ಮುಳುಗುತ್ತಿದೆ. ಕಾರ್ನಿಯಾದ ಉಬ್ಬು ಬಂದಮೇಲೇ ಶುರುವಾದದ್ದು. ರೆಪ್ಪೆಯನ್ನು ಉಬ್ಬಿನ ಮೇಲೆ ಎತ್ತಿ ಜಾರಿಸೋಕೆ ಯಾರಾದರೂ ಬೋನ್ ಬಳಸಿದ್ದೀರಾ, ಇಲ್ಲ ಬ್ಲೆಂಡ್‌ಶೇಪಾ? ಪ್ರಸನ್ನ ಅವರೇ, ಇದು ನಿಮ್ಮ ಕಡೆಯ ಕೆಲಸ.